ಮಿಕ್ಸಿ ಹಾಕಿದರೆ ಮಲಗುವ ಬ್ಯಾಟರಿ

ಸಂಜೆ ಕರೆಂಟು ಹೋಗಿ ಒಂದು ಗಂಟೆಯಾಗಿದೆ. ಇನ್ವರ್ಟರ್ ಮೇಲೆ ಒಂದು ಫ್ಯಾನು, ಮೂರು ಎಲ್‌ಇಡಿ ಬಲ್ಬು ನಿರಾತಂಕವಾಗಿ ನಡೆಯುತ್ತಿವೆ. ಅಡುಗೆಮನೆಯಲ್ಲಿ ಯಾರೋ ಚಟ್ನಿಗೆಂದು ಮಿಕ್ಸಿ ಹಾಕುತ್ತಾರೆ. ಮಿಕ್ಸಿ ಒಂದು ನಿಮಿಷ ಓಡುತ್ತದೆ, ಇನ್ವರ್ಟರ್ ಕುಂಯ್‌ಗುಟ್ಟುತ್ತದೆ, ಮನೆಯೆಲ್ಲ ಕತ್ತಲು. ಮರುದಿನ ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ. "ವೋಲ್ಟೇಜ್ ಚೆನ್ನಾಗೇ ಇದೆ ಸಾರ್, ಲೋಡ್ ತಗೊಳ್ತಿಲ್ಲ ಅಷ್ಟೆ" ಎನ್ನುತ್ತಾನೆ.

ಅವನ ಮಾತು ವಿಚಿತ್ರವಾಗಿ ಕೇಳಿಸಿದರೂ ಅಕ್ಷರಶಃ ನಿಜ. ಮೀಟರ್ ಸುಳ್ಳು ಹೇಳಿಲ್ಲ, ಇನ್ವರ್ಟರ್ ಕೂಡ ಹೇಳಿಲ್ಲ. ಇಬ್ಬರೂ ಒಂದೇ ಬ್ಯಾಟರಿಯನ್ನು ಬೇರೆ ಬೇರೆ ಸ್ಥಿತಿಯಲ್ಲಿ ನೋಡಿದ್ದಾರೆ. ಮಲ್ಟಿಮೀಟರ್ ಬ್ಯಾಟರಿಯಿಂದ ಎಳೆಯುವ ಕರೆಂಟು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನಷ್ಟು. ಬ್ಯಾಟರಿಗೆ ಅದು ಗೊತ್ತೇ ಆಗುವುದಿಲ್ಲ. ಮಿಕ್ಸಿ ಓಡುವಾಗ ಇನ್ವರ್ಟರ್ ಎಳೆಯುವುದು 70 ಆಂಪಿಯರ್. ಅಷ್ಟು ಎಳೆದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

70 ಎಲ್ಲಿಂದ ಬಂತು ಎಂದು ಮೊದಲು ನೋಡಿಬಿಡೋಣ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರುವುದರಿಂದ 600 ವಾಟಿನ ಮಿಕ್ಸಿಗೆ ಎರಡೂವರೆ ಮೂರು ಆಂಪಿಯರ್ ಸಾಕು. ಬ್ಯಾಟರಿ ಕಡೆ ಇರುವುದು ಬರೀ 12 ವೋಲ್ಟ್. ಅದೇ ಶಕ್ತಿಗೆ ಅಲ್ಲಿ 50 ಆಂಪಿಯರ್ ಬೇಕು, ಇನ್ವರ್ಟರ್ ತಾನೇ ನುಂಗುವ ಪಾಲನ್ನೂ ಸೇರಿಸಿದರೆ 60. ಫ್ಯಾನು ಮತ್ತು ಬಲ್ಬುಗಳಿಗೆ ಇನ್ನೊಂದು 10. ಎಂದರೆ ಮಿಕ್ಸಿ ಹಾಕಿದ ಕ್ಷಣ ಬ್ಯಾಟರಿಯ ಹೊರೆ ಏಳು ಪಟ್ಟು ಏರುತ್ತದೆ. ಮೋಟಾರು ತಿರುಗಲು ಶುರುವಾಗುವ ಆ ಅರೆಕ್ಷಣದಲ್ಲಿ ಇನ್ನೂ ಹೆಚ್ಚು.

ಬ್ಯಾಟರಿಯೊಳಗೆ ಹುಟ್ಟುವ ವೋಲ್ಟೇಜು ಹೊರಗೆ ಬರಬೇಕಾದರೆ ಕರೆಂಟು ಬ್ಯಾಟರಿಯ ಒಡಲನ್ನೇ ಹಾದು ಬರಬೇಕು. ಸೀಸದ ಪ್ಲೇಟು, ಪ್ಲೇಟಿಗೆ ಮೆತ್ತಿದ ರಾಸಾಯನಿಕ, ನಡುವಿನ ಆಸಿಡ್, ಪ್ಲೇಟುಗಳು ತಾಗದಂತೆ ಇಟ್ಟ ತೂತು ತೂತಾದ ಹಾಳೆ, ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ಸೇತುವೆಯಾದ ಸೀಸದ ಪಟ್ಟಿ, ಕೊನೆಗೆ ಹೊರಗೆ ಕಾಣುವ ಟರ್ಮಿನಲ್. ಒಂದೊಂದೂ ಕರೆಂಟನ್ನು ಸ್ವಲ್ಪ ಸ್ವಲ್ಪ ತಡೆಯುತ್ತದೆ. ಇವುಗಳ ಒಟ್ಟು ತಡೆಯೇ ಆಂತರಿಕ ರೋಧ. ಮನೆಯಲ್ಲಿ ಇಡುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಹೊಸದಿದ್ದಾಗ ಇದು 5 ಮಿಲಿಓಮ್ ಆಸುಪಾಸಿನಲ್ಲಿರುತ್ತದೆ ಎಂದು ಇಟ್ಟುಕೊಳ್ಳಬಹುದು. ಎಷ್ಟು ಚಿಕ್ಕದು ಎಂದರೆ, ದೀಪದ ಸ್ವಿಚ್ಚಿಗೆ ಎಳೆಯುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಇದೆಯಲ್ಲ, ಅದರ ಅರ್ಧ ಮೀಟರಿನ ರೋಧ ಇದಕ್ಕಿಂತ ಹೆಚ್ಚು.

ಆದರೆ ಕಳೆದುಹೋಗುವ ವೋಲ್ಟೇಜು ರೋಧ ಮತ್ತು ಕರೆಂಟಿನ ಗುಣಲಬ್ಧ. 5 ಮಿಲಿಓಮಿನ ಹೊಸ ಬ್ಯಾಟರಿಯಲ್ಲಿ 10 ಆಂಪಿಯರಿಗೆ 0.05 ವೋಲ್ಟ್ ಹೋಗುತ್ತದೆ, 70 ಆಂಪಿಯರಿಗೆ 0.35. ಒಳಗೆ 12.4 ಇದ್ದರೆ ಹೊರಗೆ 12.05 ಸಿಕ್ಕಿತು, ಯಾರಿಗೂ ತೊಂದರೆಯಿಲ್ಲ. ಅದೇ ಬ್ಯಾಟರಿ ಐದಾರು ವರ್ಷ ದುಡಿದು ರೋಧ 20 ಮಿಲಿಓಮಿಗೆ ಏರಿದೆ ಎನ್ನಿ. ಫ್ಯಾನು ಬಲ್ಬಿನ 10 ಆಂಪಿಯರಿಗೆ ಹೋಗುವುದು 0.2 ವೋಲ್ಟ್, ಯಾರ ಗಮನಕ್ಕೂ ಬಾರದು. 70 ಆಂಪಿಯರಿಗೆ 1.4 ವೋಲ್ಟ್ ಹೋಗಿ ಹೊರಗೆ 11.0 ಉಳಿಯುತ್ತದೆ. ಬಹುಪಾಲು ಇನ್ವರ್ಟರುಗಳು ಬ್ಯಾಟರಿ ಹಾಳಾಗದಿರಲೆಂದು ಹತ್ತೂವರೆ ವೋಲ್ಟಿನ ಹತ್ತಿರ ಬಾಗಿಲು ಹಾಕಿಕೊಳ್ಳುತ್ತವೆ. ಅಂದರೆ ಇನ್ನು ಅರ್ಧ ವೋಲ್ಟಷ್ಟೇ ಬಾಕಿ. ಕಳೆದುಹೋದ ಆ 1.4 ವೋಲ್ಟು ಬ್ಯಾಟರಿಯೊಳಗೇ ಸುಮಾರು 100 ವಾಟಿನ ಬಿಸಿಯಾಗಿ ವ್ಯಯವಾಗುತ್ತಿರುತ್ತದೆ. ಫ್ಯಾನು ಬಲ್ಬು ಎಲ್ಲ ಸೇರಿ ತಿನ್ನುವಷ್ಟೇ ಶಕ್ತಿ ಅದು.

ಕಥೆ ಇಷ್ಟೇ ಆಗಿದ್ದರೆ ಮಿಕ್ಸಿ ಹಾಕಿದ ಕ್ಷಣವೇ ಇನ್ವರ್ಟರ್ ನಿಲ್ಲಬೇಕಿತ್ತು, ಇಲ್ಲವೇ ಎಷ್ಟು ಹೊತ್ತಾದರೂ ಓಡಬೇಕಿತ್ತು. ಅದು ಒಂದು ನಿಮಿಷ ಓಡಿ ನಿಂತದ್ದೇಕೆ? ನಿಂತ ಮೇಲೆ ಬ್ಯಾಟರಿ ಅರ್ಧ ಗಂಟೆ ತೆಗೆದುಕೊಂಡು ನಿಧಾನವಾಗಿ ಚೇತರಿಸಿಕೊಂಡದ್ದೇಕೆ? ತಂತಿಯ ರೋಧಕ್ಕೆ ಇಂಥ ನೆನಪಿನ ಗುಣ ಇರುವುದಿಲ್ಲ.

ಇದೇ ತೊಡಕು ಓಮ್‌ನ ನಿಯಮವನ್ನು ಕಂಡುಹಿಡಿದ ಗೇಯಾರ್ಗ್ ಓಮ್‌ನನ್ನೂ ಕಾಡಿತ್ತು. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವನು 1825ರಲ್ಲಿ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಕರೆಂಟು ಎಷ್ಟು ಹರಿಯುತ್ತದೆಂದು ಅಳೆಯಲು ಹೊರಟ. ಕೈಯಲ್ಲಿದ್ದದ್ದು ಆ ಕಾಲದ ವೋಲ್ಟಾ ಮಾದರಿಯ ಸೆಲ್. ತಂತಿ ಜೋಡಿಸಿದ ಗಳಿಗೆಯಿಂದಲೇ ಅದರ ಬಲ ಇಳಿಯುತ್ತ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಏರುತ್ತಿತ್ತು. ಹಾಗಾಗಿ ಅವನ ಮೊದಲ ಸೂತ್ರ ತಪ್ಪಾಯಿತು. ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಒಂದು ಉಪಾಯ ಸೂಚಿಸಿದ: ಸೆಲ್ ಬಿಟ್ಟು, ಸೀಬೆಕ್ ಆಗಷ್ಟೇ ಕಂಡುಹಿಡಿದಿದ್ದ ಉಷ್ಣವಿದ್ಯುತ್ ಜೋಡಿ ಬಳಸು. ಬಿಸ್ಮತ್ ಮತ್ತು ತಾಮ್ರದ ಬೆಸುಗೆಯ ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಅದರ ವೋಲ್ಟೇಜು ಎಷ್ಟು ಹೊತ್ತು ಎಳೆದರೂ ಅಲುಗಾಡದು. 1826ರಲ್ಲಿ ಅವನಿಗೆ ನಿಯಮ ಸಿಕ್ಕಿತು. ಆ ಸೂತ್ರದಲ್ಲಿ ಹೊರಗಿನ ತಂತಿಯ ಉದ್ದದ ಜೊತೆಗೆ ಸದಾ ಕೂಡಿಸಲೇಬೇಕಾದ ಒಂದು ಸ್ಥಿರ ಸಂಖ್ಯೆಯಿತ್ತು. ಅದು ಉಪಕರಣದ ಒಳಗಿನ ರೋಧ. ಶಾಲೆಯಲ್ಲಿ ಓಮ್‌ನ ನಿಯಮ ಕಲಿಸುವಾಗ ಈ ಸಂಖ್ಯೆಯನ್ನು ಕೈಬಿಟ್ಟು ಹೇಳುತ್ತಾರೆ. ಅವನ ಮೂಲ ಬರಹದಲ್ಲಿ ಮಾತ್ರ ಅದು ಮೊದಲಿನಿಂದಲೇ ಇತ್ತು.

ಓಮ್ ಬದಿಗೆ ಸರಿಸಿದ ಆ ನಿಧಾನದ ಕುಸಿತವೇ ನಮ್ಮ ಮಿಕ್ಸಿಯ ಎರಡನೇ ಅಧ್ಯಾಯ. ಸೀಸದ ಬ್ಯಾಟರಿಯಲ್ಲಿ ಆಸಿಡ್ ಬರೀ ಕರೆಂಟು ಹಾಯುವ ದಾರಿಯಲ್ಲ. ಅದು ಖರ್ಚಾಗುವ ಇಂಧನವೂ ಹೌದು. ಎರಡೂ ಪ್ಲೇಟುಗಳು ಗಂಧಕಾಮ್ಲವನ್ನು ಹೀರಿ ಸೀಸದ ಸಲ್ಫೇಟ್ ಆಗುತ್ತವೆ. ಒಂದು ಆಂಪಿಯರನ್ನು ಒಂದು ಗಂಟೆ ಎಳೆದರೆ ಪ್ರತಿ ಸೆಲ್ಲಿನಲ್ಲಿ ಸುಮಾರು 3.7 ಗ್ರಾಂ ಗಂಧಕಾಮ್ಲ ಕರಗಿಹೋಗುತ್ತದೆ. 70 ಆಂಪಿಯರಿನಲ್ಲಿ ಇದು ನಿಮಿಷಕ್ಕೆ ನಾಲ್ಕು ಗ್ರಾಂ ದಾಟುತ್ತದೆ. ಸಾಲದ್ದಕ್ಕೆ ಪಾಸಿಟಿವ್ ಪ್ಲೇಟಿನಲ್ಲಿ ಕ್ರಿಯೆಯ ಜೊತೆಗೆ ನೀರೂ ಹುಟ್ಟುತ್ತದೆ, ಅಲ್ಲಿ ಆಸಿಡ್ ಎರಡು ಬಗೆಯಲ್ಲಿ ತೆಳುವಾಗುತ್ತದೆ.

ಇದೆಲ್ಲ ನಡೆಯುವುದು ಪ್ಲೇಟಿನ ಹೊರಮೈಯಲ್ಲಷ್ಟೇ ಅಲ್ಲ, ಅದರ ಕಣ್ಣಿಗೆ ಕಾಣದ ರಂಧ್ರಗಳ ಒಳಗೆ. ಆ ರಂಧ್ರಗಳಲ್ಲಿ ಹಿಡಿಯುವ ಆಸಿಡ್ ಬಹಳ ಕಡಿಮೆ. ಅದು ಖಾಲಿಯಾದಂತೆ ಹೊರಗಿನ ಗಟ್ಟಿ ಆಸಿಡ್ ಒಳಗೆ ಜಿನುಗಬೇಕು. ಬೇಸಿಗೆಯಲ್ಲಿ ಬಾವಿಗೆ ಪಂಪು ಹಾಕಿದವರಿಗೆ ಇದು ಗೊತ್ತಿದ್ದದ್ದೇ: ನೆಲದಲ್ಲಿ ನೀರಿದ್ದರೂ ಒರತೆ ಬರುವ ವೇಗಕ್ಕಿಂತ ಪಂಪಿನ ಸೆಳೆತ ಜೋರಾದರೆ ಬಾವಿಯ ತಳ ಕಾಣುತ್ತದೆ, ಪಂಪು ನಿಲ್ಲಿಸಿ ಕಾದರೆ ನೀರು ಮತ್ತೆ ಏರುತ್ತದೆ. ಅಣುಗಳು ತಮ್ಮಷ್ಟಕ್ಕೆ ಹರಡುವ ವೇಗ ತೀರಾ ಕಡಿಮೆ. ಗಂಧಕಾಮ್ಲ ನೀರಿನಲ್ಲಿ ಒಂದು ಮಿಲಿಮೀಟರ್ ದೂರ ಹರಡಲು ಹತ್ತು ಹದಿನೈದು ನಿಮಿಷದ ಲೆಕ್ಕ. ದೂರ ಎರಡರಷ್ಟಾದರೆ ಹೊತ್ತು ನಾಲ್ಕರಷ್ಟು. ಬ್ಯಾಟರಿ ಪೂರ್ತಿ ಚೇತರಿಸಿಕೊಳ್ಳಲು ನಿಮಿಷಗಳಲ್ಲ, ಗಂಟೆಗಳು ಬೇಕಾಗುವುದು ಇದರಿಂದಲೇ.

ಆಸಿಡ್ ತೆಳುವಾದರೆ ವೋಲ್ಟೇಜು ಏಕೆ ಇಳಿಯಬೇಕು? ಸೀಸದ ಸೆಲ್ಲಿನ ವೋಲ್ಟೇಜು ಆಸಿಡ್ಡಿನ ಗಾಢತೆಯನ್ನೇ ಅವಲಂಬಿಸಿದೆ. ಬ್ಯಾಟರಿ ಕೆಲಸದವರ ಹಳೆಯ ಅಂದಾಜು ಸೂತ್ರ ಸರಳ: ಹೈಡ್ರೋಮೀಟರಿನಲ್ಲಿ ಬಂದ ಗ್ರಾವಿಟಿಗೆ 0.84 ಕೂಡಿಸಿದರೆ ಒಂದು ಸೆಲ್ಲಿನ ವೋಲ್ಟೇಜು. ಗ್ರಾವಿಟಿ 1.24 ಇದ್ದರೆ ಸೆಲ್ಲಿಗೆ 2.08, ಆರು ಸೆಲ್ಲಿಗೆ 12.48. ಆದರೆ ಪ್ಲೇಟಿಗೆ ಗೊತ್ತಾಗುವುದು ತನ್ನ ರಂಧ್ರದೊಳಗಿನ ಆಸಿಡ್ ಮಾತ್ರ, ಡಬ್ಬಿಯಲ್ಲಿ ತುಂಬಿರುವುದಲ್ಲ. ಹೊರಗೆ 1.22 ಇದ್ದು ರಂಧ್ರದೊಳಗೆ 1.14ಕ್ಕೆ ಇಳಿದಿದ್ದರೆ, ಹೈಡ್ರೋಮೀಟರ್ ಬ್ಯಾಟರಿ ಚೆನ್ನಾಗಿದೆ ಎನ್ನುತ್ತದೆ, ಟರ್ಮಿನಲ್ ಮಾತ್ರ ಅರ್ಧ ವೋಲ್ಟ್ ಕಡಿಮೆ ತೋರಿಸುತ್ತದೆ. ನಮ್ಮ ಇನ್ವರ್ಟರಿಗೆ ಬಾಕಿಯಿದ್ದದ್ದು ಸರಿಯಾಗಿ ಆ ಅರ್ಧ ವೋಲ್ಟೇ.

ಇದರ ತಿರುವುಮುರುವೂ ಉಂಟು. ಚಾರ್ಜ್ ಮಾಡುವಾಗ ರಂಧ್ರಗಳಲ್ಲಿ ಆಸಿಡ್ ಹುಟ್ಟುತ್ತದೆ, ಹೊರಗೆ ಹರಡಲು ಹೊತ್ತು ಹಿಡಿಯುತ್ತದೆ. ಚಾರ್ಜರ್ ತೆಗೆದ ಕೂಡಲೇ ಮೀಟರ್ 13 ವೋಲ್ಟ್ ತೋರಿಸಿದರೆ ಅದು ಈ ಹೊರಲೇಪದ ಓದು. ಹಳೆಯ ಬ್ಯಾಟರಿ ಮಾರುವವನು ಮೀಟರ್ ಹಿಡಿದು ತೋರಿಸುವ 13ನ್ನು ನಂಬಿ ದುಡ್ಡು ಕೊಡುವವರು ಒಂದು ರಾತ್ರಿ ಕಾದು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಈಗ ಕುಸಿತದ ಎರಡು ಪಾಲು ಕಣ್ಣಿಗೆ ಕಾಣುವಂತಾಗುತ್ತವೆ. ಮಿಕ್ಸಿ ಹಾಕಿದಾಗ ವೋಲ್ಟೇಜು ಮೊದಲು ಮೆಟ್ಟಿಲು ಜಾರಿದಂತೆ ಒಮ್ಮೆಲೇ ಇಳಿಯುತ್ತದೆ, ಆಮೇಲೆ ಇಳಿಜಾರಿನಲ್ಲಿ ನಿಧಾನವಾಗಿ ಸರಿಯುತ್ತದೆ. ಆರಿಸಿದಾಗಲೂ ಇದೇ ಕ್ರಮ: ಒಂದು ನೆಗೆತ, ಆಮೇಲೆ ತೆವಳುವ ಏರಿಕೆ. ನೆಗೆತ ರೋಧದ್ದು. ತೆವಳುವಿಕೆ ಆಸಿಡ್ಡಿನದು. ಪ್ಲೇಟಿನ ಮೈಮೇಲೆ ಕ್ರಿಯೆ ಚಾಲೂ ಆಗಲು ತಗಲುವ ಮೂರನೆಯ ಸಣ್ಣ ಪಾಲೊಂದಿದೆ. ಅದು ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುವುದರಿಂದ ಮನೆಯ ಮೀಟರಿನಲ್ಲಿ ನೆಗೆತದ ಜೊತೆಗೇ ಸೇರಿಬಿಡುತ್ತದೆ. ಚೇತರಿಕೆಯಲ್ಲಿ ಬ್ಯಾಟರಿಗೆ ಹೊಸ ಶಕ್ತಿಯೇನೂ ಬಂದಿರುವುದಿಲ್ಲ. ಹೊರಗಿದ್ದ ಆಸಿಡ್ ಒಳಗೆ ಹೋಗಿರುತ್ತದೆ, ಅಷ್ಟೆ.

ಬ್ಯಾಟರಿ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಈ ಎರಡು ಪಾಲನ್ನು ಬಿಡಿಸಿ ನೋಡುವಷ್ಟು ಉಪಯುಕ್ತ ಪರೀಕ್ಷೆ ನನಗೆ ತಿಳಿದಂತೆ ಬೇರೆ ಇಲ್ಲ. ಅಂಗಡಿಯವರು ಖಾಲಿ ವೋಲ್ಟೇಜನ್ನಷ್ಟೇ ನೋಡಿ ತೀರ್ಪು ಕೊಡುವುದು ಅವಸರದ ಕೆಲಸ. ಮಲ್ಟಿಮೀಟರಿನ ಓಮ್ ತಿರುವನ್ನು ಬ್ಯಾಟರಿಗೆ ಹಿಡಿದರೆ ಆಂತರಿಕ ರೋಧ ಬರುವುದಿಲ್ಲ, ಮೀಟರ್ ಕೆಡುತ್ತದೆ. ಆಂಪಿಯರ್ ತಿರುವಿನಲ್ಲಿ ಹಿಡಿಯುವುದಂತೂ ಅಪಾಯ. ಮಾಡಬೇಕಾದದ್ದು, ವೋಲ್ಟ್ ತಿರುವಿನಲ್ಲೇ ಇಟ್ಟು ಎರಡು ಹೊರೆಯಲ್ಲಿ ಎರಡು ಓದು ತೆಗೆಯುವುದು.

ನಮ್ಮ ಹಳೆಯ ಬ್ಯಾಟರಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ರಾತ್ರಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ. ಗೋಡೆಯ ಮೇನ್ ಆರಿಸಿ ಇನ್ವರ್ಟರನ್ನು ಬ್ಯಾಟರಿ ಮೇಲೆ ಓಡಿಸಿದ್ದೇವೆ. ಫ್ಯಾನು ಬಲ್ಬು ಮಾತ್ರ ಇದ್ದಾಗ 10 ಆಂಪಿಯರ್, ಓದು 12.20. ಮಿಕ್ಸಿ ಹಾಕಿ ಎರಡು ಮೂರು ಸೆಕೆಂಡಿನೊಳಗೆ, ಎಂದರೆ ಮೋಟಾರು ವೇಗ ಹಿಡಿದ ಮೇಲೆ, ಆದರೆ ಆಸಿಡ್ ತೆಳುವಾಗುವ ಮುಂಚೆ, ಇನ್ನೊಂದು ಓದು: 11.00. ಕರೆಂಟು 70 ಎಂದು ಎಲೆಕ್ಟ್ರಿಷಿಯನ್‌ನ ಡಿಸಿ ಕ್ಲ್ಯಾಂಪ್ ಮೀಟರ್ ಹೇಳಿತು. ವೋಲ್ಟೇಜಿನ ವ್ಯತ್ಯಾಸ 1.20, ಕರೆಂಟಿನ ವ್ಯತ್ಯಾಸ 60. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.020 ಓಮ್, ಅಂದರೆ 20 ಮಿಲಿಓಮ್. ಖಾಲಿ ವೋಲ್ಟೇಜಿನಿಂದ ಶುರುಮಾಡದೆ ಸಣ್ಣ ಹೊರೆಯಿಂದ ಶುರುಮಾಡಿದ್ದಕ್ಕೆ ಕಾರಣವಿದೆ: ಚಾರ್ಜಿನ ಆ ಹೊರಲೇಪ ಉಳಿದಿದ್ದರೆ ಸಣ್ಣ ಹೊರೆ ಅದನ್ನು ಕೆರೆದು ಹಾಕುತ್ತದೆ.

ಇಲ್ಲಿ ನಿಂತು ಬ್ಯಾಟರಿಗೆ ಶ್ರಾದ್ಧ ಹೇಳಿಬಿಟ್ಟರೆ ತಪ್ಪಾದೀತು. ಮೀಟರಿನ ಮೊನೆಗಳನ್ನು ಎಲ್ಲಿ ಒತ್ತಿದ್ದೆವು? ಕೇಬಲ್ಲಿನ ಹಿಡಿಕೆಯ ಮೇಲೆ. ಅದೇ ಎರಡು ಓದನ್ನು ಈಗ ಸೀಸದ ಕಂಬದ ಮೈಗೇ ಮೊನೆ ಒತ್ತಿ ತೆಗೆದರೆ 12.26 ಮತ್ತು 11.42 ಬರುತ್ತದೆ ಎನ್ನಿ. ವ್ಯತ್ಯಾಸ 0.84, ರೋಧ 14 ಮಿಲಿಓಮ್. ಉಳಿದ 6 ಮಿಲಿಓಮ್ ಬ್ಯಾಟರಿಯದಲ್ಲ. ಹಿಡಿಕೆ ಮತ್ತು ಕಂಬದ ನಡುವೆ ಬೆಳೆದ ಬಿಳಿ-ಹಸಿರು ಹುಡಿಯದು. 70 ಆಂಪಿಯರಿನಲ್ಲಿ ಆ ಹುಡಿ ನುಂಗುತ್ತಿದ್ದದ್ದು 0.42 ವೋಲ್ಟ್, ಕಕ್ಕುತ್ತಿದ್ದದ್ದು 29 ವಾಟ್ ಬಿಸಿ. ಮಿಕ್ಸಿ ಓಡಿದ ಮೇಲೆ ಹಿಡಿಕೆ ಮುಟ್ಟಿದರೆ ಬೆಚ್ಚಗಿರುತ್ತದೆ. ಇದು ಮೀಟರಿಲ್ಲದ ಮನೆಯಲ್ಲೂ ಸಿಗುವ ಸುಳಿವು. ಒಳ್ಳೆಯ ಜೋಡಣೆಯಲ್ಲಿ ಕಂಬ ಮತ್ತು ಹಿಡಿಕೆಯ ನಡುವೆ 0.1 ವೋಲ್ಟಿಗಿಂತ ಹೆಚ್ಚು ಬೀಳಬಾರದು.

ಶುಚಿ ಮಾಡಲು ಬಿಸಿನೀರು, ಹಳೆಯ ಬ್ರಷ್ಷು, ಬಿಗಿ ಮಾಡಲು ಸ್ಪ್ಯಾನರ್, ಕೊನೆಗೆ ಒಂದು ಪದರ ವ್ಯಾಸಲೀನ್ ಸಾಕು. ಇನ್ವರ್ಟರ್ ಆರಿಸಿರಬೇಕು, ಚಾರ್ಜ್ ಆಗುತ್ತಿರುವಾಗ ಕೈಹಾಕಬಾರದು, ಆಗ ಬರುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಕೈಯ ಬಳೆ, ಉಂಗುರ, ವಾಚು ತೆಗೆದಿಡಬೇಕು. ಆಂತರಿಕ ರೋಧ ಕಡಿಮೆಯಿರುವುದು ಒಳ್ಳೆಯದೆಂದು ಇಷ್ಟು ಹೊತ್ತು ಹೇಳಿದೆವಲ್ಲ, ಅದರ ಇನ್ನೊಂದು ಮುಖ ಇದು: 12.5 ವೋಲ್ಟನ್ನು 5 ಮಿಲಿಓಮಿನಿಂದ ಭಾಗಿಸಿ ನೋಡಿ. ಹೊಸ ಬ್ಯಾಟರಿಯ ಎರಡು ಕಂಬಗಳ ಮೇಲೆ ಸ್ಪ್ಯಾನರ್ ಬಿದ್ದರೆ ಅದರಲ್ಲಿ ಹರಿಯಬಲ್ಲದ್ದು ಎರಡು ಸಾವಿರ ಆಂಪಿಯರಿಗೂ ಮಿಕ್ಕಿದ ಕರೆಂಟು. ಕಬ್ಬಿಣ ಕೆಂಪಗಾಗುತ್ತದೆ.

ಹುಡಿ ತೆಗೆದ ಮೇಲೂ ಉಳಿಯುವ 14 ಮಿಲಿಓಮ್ ಮುಪ್ಪಿನದು. ಪಾಸಿಟಿವ್ ಪ್ಲೇಟಿನೊಳಗಿನ ಸೀಸದ ಸರಳು ವರ್ಷಗಳಲ್ಲಿ ಸವೆದು ತೆಳುವಾಗಿದೆ. ಅರ್ಧಂಬರ್ಧ ಚಾರ್ಜಿನಲ್ಲಿ ಬಿಟ್ಟ ಕಾಲದಲ್ಲಿ ಸಲ್ಫೇಟ್ ದಪ್ಪ ಹರಳಾಗಿ ರಂಧ್ರಗಳ ಬಾಯಿ ಕಟ್ಟಿದೆ. ಎರಡನೆಯದು ರೋಧ ಏರಿಸುವುದರ ಜೊತೆಗೆ ಒರತೆಯ ದಾರಿಯನ್ನೂ ಮುಚ್ಚುತ್ತದೆ, ಹಾಗಾಗಿ ಜಾರುವಿಕೆಯೂ ಬೇಗ ಬೇಗ ಆಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತು ಪ್ಲೇಟಿನ ತಲೆ ಒಣಗಿದ್ದರೆ ಕೆಲಸ ಮಾಡುವ ಮೈಯೇ ಕಡಿಮೆಯಾಗಿರುತ್ತದೆ.

ಇನ್ನೊಂದು ಬಗೆಯ ಕುಸಿತವಿದೆ, ಅದು ಮೆಟ್ಟಿಲೂ ಅಲ್ಲ, ಇಳಿಜಾರೂ ಅಲ್ಲ. ಮಿಕ್ಸಿ ಸ್ವಲ್ಪ ಹೊತ್ತು ಸರಿಯಾಗಿ ಓಡುತ್ತದೆ, ಆಮೇಲೆ ವೋಲ್ಟೇಜು ಒಮ್ಮೆಲೇ ಎರಡು ವೋಲ್ಟ್ ಕೆಳಗೆ ಧುಮುಕುತ್ತದೆ. ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ ಎಂದರ್ಥ. ಆರೂ ಸಾಲಾಗಿ ಕೂತಿರುವುದರಿಂದ ಉಳಿದ ಐದು ಎಷ್ಟೇ ಗಟ್ಟಿಯಾಗಿದ್ದರೂ ಕರೆಂಟು ಸತ್ತದ್ದರ ಮೂಲಕವೇ ಹಾಯಬೇಕು. ಆರು ಮುಚ್ಚಳ ತೆಗೆದು ಹೈಡ್ರೋಮೀಟರ್ ಇಟ್ಟರೆ ಐದರಲ್ಲಿ 1.230, ಒಂದರಲ್ಲಿ 1.150 ಬರುವುದು ಇಂಥಲ್ಲೇ. ಇದಕ್ಕೆ ವ್ಯಾಸಲೀನ್ ಮದ್ದಲ್ಲ.

ಬ್ಯಾಟರಿಯ ಮೈಮೇಲೆ ಬರೆದಿರುವ 150 ಆಂಪಿಯರ್-ಅವರ್ ಕೂಡ ಈ ಒರತೆಯ ವೇಗವನ್ನು ನಂಬಿ ಬರೆದದ್ದು. ನಮ್ಮಲ್ಲಿ ಸಾಮಾನ್ಯವಾಗಿ ಅದರ ಪಕ್ಕದಲ್ಲಿ C20 ಎಂದಿರುತ್ತದೆ. ಏಳೂವರೆ ಆಂಪಿಯರಿನಂತೆ ಇಪ್ಪತ್ತು ಗಂಟೆ ಎಳೆದರೆ 150 ಸಿಗುತ್ತದೆ ಎಂದು ಅದರ ಮಾತು. 70 ಆಂಪಿಯರಿನಲ್ಲಿ ಎಳೆದರೆ ಎರಡು ಗಂಟೆ ಬರುತ್ತದೆಂದು ಭಾಗಾಕಾರ ಹೇಳಬಹುದು, ಬ್ಯಾಟರಿ ಅದಕ್ಕೆ ಬಹಳ ಮೊದಲೇ ಕೈಯೆತ್ತುತ್ತದೆ. ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ ಎಂಬುದನ್ನು ಪೊಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟ. ಆದರೆ ಸಿಗದೆ ಉಳಿದದ್ದು ನಷ್ಟವಾಗಿರುವುದಿಲ್ಲ. ಮಿಕ್ಸಿಯಿಂದ ಮಲಗಿದ ಬ್ಯಾಟರಿಯಲ್ಲಿ ಫ್ಯಾನು ಬಲ್ಬನ್ನು ಇನ್ನೂ ಗಂಟೆಗಟ್ಟಲೆ ನಡೆಸುವಷ್ಟು ಆಸಿಡ್ ಇದ್ದೇ ಇರುತ್ತದೆ. ಇನ್ವರ್ಟರಿನ ರಿಸೆಟ್ ಒತ್ತಿ ಒತ್ತಿ ಮಿಕ್ಸಿಯನ್ನೇ ಮತ್ತೆ ಹಾಕುವುದು ಮಾತ್ರ ಕೆಟ್ಟ ಅಭ್ಯಾಸ. ಪ್ರತಿ ಸಲ ಸ್ವಲ್ಪ ಚೇತರಿಸಿಕೊಂಡ ವೋಲ್ಟೇಜು ಇನ್ವರ್ಟರಿಗೆ ಒಪ್ಪಿಗೆ ಕೊಡುತ್ತದೆ, ಪ್ರತಿ ಸಲ ಬ್ಯಾಟರಿ ಇನ್ನಷ್ಟು ಆಳಕ್ಕೆ ಹೋಗುತ್ತದೆ, ಸಲ್ಫೇಟ್ ಅಲ್ಲೇ ಗಟ್ಟಿಯಾಗುತ್ತದೆ.

ಟರ್ಮಿನಲ್ ಉಜ್ಜಿದ ನಮ್ಮ 14 ಮಿಲಿಓಮಿನ ಬ್ಯಾಟರಿ ಈಗ ಮಿಕ್ಸಿ ಹಾಕಿದರೆ 11.4ಕ್ಕೆ ಇಳಿದು ನಿಧಾನವಾಗಿ ಜಾರುತ್ತದೆ. ಹತ್ತೂವರೆ ಮುಟ್ಟುವ ಮೊದಲು ಚಟ್ನಿಗೆ ಬೇಕಾದ ಒಂದೆರಡು ನಿಮಿಷ ಸಿಗುತ್ತದೆ. ದೋಸೆ ಹಿಟ್ಟಿಗೆ ಅರ್ಧ ಗಂಟೆ ಬೇಕಲ್ಲ, ಅದು ಸಾಧ್ಯವೇ ಇಲ್ಲ ಎಂದು ತೋರಬಹುದು. ಆದರೆ ಮೇಜಿನ ಮೇಲಿಡುವ ವೆಟ್ ಗ್ರೈಂಡರಿನ ಮೋಟಾರು ಸಾಮಾನ್ಯವಾಗಿ 150 ವಾಟಿನದು, ಬ್ಯಾಟರಿಯಿಂದ ಅದು ಎಳೆಯುವುದು 15 ಆಂಪಿಯರ್. ಫ್ಯಾನು ಬಲ್ಬಿನ 10 ಸೇರಿಸಿದರೂ 14 ಮಿಲಿಓಮಿನಲ್ಲಿ ಕಳೆದುಹೋಗುವುದು 0.35 ವೋಲ್ಟ್, ಮೋಟಾರು ಎದ್ದೇಳುವ ಕ್ಷಣವೊಂದನ್ನು ದಾಟಿದರೆ ಆಸಿಡ್ ಬಹುಮಟ್ಟಿಗೆ ಖರ್ಚಿನ ವೇಗಕ್ಕೇ ಜಿನುಗುತ್ತಿರುತ್ತದೆ. ಮಿಕ್ಸಿಗೆ ಮಲಗಿದ ಬ್ಯಾಟರಿ ಗ್ರೈಂಡರನ್ನು ಅರ್ಧ ಗಂಟೆ ತಿರುಗಿಸಿ ಮುಗಿಸುತ್ತದೆ.